‘ಹೂಂ, ಅದೇ!’ ಅನ್ನುವವರೆಗೆ ಸಲಹೆ ಕೊಡಬೇಡಿ

ಶಾಲೆ ಶುರುವಾಗಿ ಒಂದು ವಾರ ಆಗಿತ್ತು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಅವತ್ತು ಸಂಜೆ ಮನೆಗೆ ಬಂದವಳು ಬ್ಯಾಗನ್ನು ಕುರ್ಚಿಯ ಮೇಲೆ ಎಸೆದಳು.

“ಹತ್ತನೇ ಕ್ಲಾಸ್ ನನ್ನಿಂದ ತೆಗೆದುಬಿಟ್ರು ರೀ.”

ನಾನು ಲ್ಯಾಪ್‌ಟಾಪ್‌ನಿಂದ ಅರ್ಧ ತಲೆ ಎತ್ತಿದೆ. “ಒಳ್ಳೇದೇ ಆಯ್ತು ಬಿಡು. ಸ್ಪೆಷಲ್ ಕ್ಲಾಸ್ ತಲೆನೋವು ತಪ್ತು.”

“ಹೊಸದಾಗಿ ಬಂದೋರಿಗೆ ಕೊಟ್ಟಿದ್ದಾರೆ.”

“ಹಾಗಾದ್ರೆ ನಾಳೆ ಬೆಳಗ್ಗೇನೇ ಹೋಗಿ ಹೆಡ್‌ಮೇಡಂನ ನೇರವಾಗಿ ಕೇಳು. ಸುಮ್ನೆ ಇದ್ರೆ ತಲೆ ಮೇಲೆ ಕೂತ್ಕೊಳ್ತಾರೆ.”

“ನಿಮ್ಗೆ ಹೇಳಿದ್ದೇ ನನ್ನ ತಪ್ಪು,” ಅಂದಳು. ಆಮೇಲೆ ಅಡುಗೆಮನೆಯಿಂದ ಪಾತ್ರೆಗಳ ಸದ್ದು ಮಾತ್ರ ಕೇಳಿಸುತ್ತಿತ್ತು.

ಅವಳ ಮೊದಲ ಮಾತಿಗೂ ಪಾತ್ರೆ ಸದ್ದಿಗೂ ನಡುವೆ ಒಂದು ನಿಮಿಷ ಕೂಡ ಆಗಿರಲಿಲ್ಲ. ಅಷ್ಟರಲ್ಲಿ ನಾನು ಒಂದು ಸಮಾಧಾನ ಹೇಳಿದ್ದೆ, ಒಂದು ಸಲಹೆ ಕೊಟ್ಟಿದ್ದೆ, ಜೊತೆಗೆ ಒಂದು ಎಚ್ಚರಿಕೆ ಬೇರೆ. ಏನಾಯ್ತು ಅಂತ ಮಾತ್ರ ಕೇಳಿರಲಿಲ್ಲ.

ನನ್ನ ಕೆಲಸವೇ ಹಾಗಿದೆ ಅನ್ನಿ. ಕಂಪನಿಯೊಂದರ ಸಪೋರ್ಟ್ ಡೆಸ್ಕ್‌ನಲ್ಲಿದ್ದೇನೆ. ಬೆಳಗಿನಿಂದ ಸಂಜೆವರೆಗೆ ಯಾರೋ ಒಬ್ಬರು ಸಮಸ್ಯೆ ಹೇಳುತ್ತಾರೆ, ಟಿಕೆಟ್ ತೆರೆಯುತ್ತೇನೆ, ಪರಿಹಾರ ಕೊಟ್ಟು ಮುಚ್ಚುತ್ತೇನೆ. ಮನೆಯಲ್ಲೂ ಅದೇ ಚಾಳಿ. ಒಂದು ಸಲ ಆಪ್ತಸಮಾಲೋಚಕರ ಹತ್ತಿರ ಕೂತು ಇದನ್ನೆಲ್ಲ ಹೇಳಿಕೊಂಡಾಗ ಅವರು ಒಂದೇ ಪ್ರಶ್ನೆ ಕೇಳಿದರು: “ನಿಮಗೆ ಅರ್ಥ ಆಗಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?” ಆಮೇಲೆ ಕಲಿತದ್ದು, ಮನೆಯಲ್ಲಿ ಮಾಡಿ ನೋಡಿದ್ದು, ಕೆಡಿಸಿಕೊಂಡಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಿತಿಯನ್ನು ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಸಂಗಾತಿ ಹೊರಗಿನ ನೋವನ್ನು ಮನೆಗೆ ತಂದಾಗ, ಅಂದರೆ ಆಫೀಸು, ತವರುಮನೆ, ಸ್ನೇಹಿತರು ಇಂಥ ವಿಷಯಕ್ಕೆ ಈ ಕ್ರಮ. ಜಗಳ ನಿಮ್ಮಿಬ್ಬರ ನಡುವೆಯೇ ಇದ್ದರೆ ಲೆಕ್ಕ ಬೇರೆ. ಅದನ್ನು ಕೊನೆಗೆ ನೋಡೋಣ.

ಹೂಂ ಅನ್ನುವುದರಲ್ಲೂ ಎರಡು ಥರ

ಅಜ್ಜಿ ಕಥೆ ಹೇಳುತ್ತಿದ್ದ ಕಾಲ ನೆನಪಿದೆಯಾ? ನಮ್ಮಜ್ಜಿ ಕಥೆ ಶುರು ಮಾಡುವ ಮೊದಲು ಒಂದು ಷರತ್ತು ಹಾಕುತ್ತಿದ್ದಳು. ಹೂಂಗುಟ್ಟಬೇಕು. ಪ್ರತಿ ಮಾತಿಗೂ “ಹೂಂ” ಬರದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ನಿದ್ದೆಗಣ್ಣಿನ “ಹೂಂ” ಯಾವುದು, ಕೇಳುತ್ತಿರುವ “ಹೂಂ” ಯಾವುದು ಅಂತ ಕತ್ತಲಲ್ಲೂ ಅವಳಿಗೆ ಗೊತ್ತಾಗುತ್ತಿತ್ತು. “ರಾಜ ಎಲ್ಲಿಗೆ ಹೋದ ಹೇಳು ನೋಡೋಣ?” ಅಂತ ಥಟ್ಟನೆ ಕೇಳುತ್ತಿದ್ದಳು. ಉತ್ತರ ಬಂದರೆ ಮಾತ್ರ ಕಥೆ ಮುಂದಕ್ಕೆ.

ಇಂಗ್ಲಿಷಿನವರು ‘ಆಕ್ಟಿವ್ ಲಿಸನಿಂಗ್’ ಅನ್ನುವುದು ಹೆಚ್ಚೂಕಡಿಮೆ ಇದನ್ನೇ. ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1957ರಲ್ಲಿ ಇದೇ ಹೆಸರಿನ ಒಂದು ಸಣ್ಣ ಪುಸ್ತಿಕೆ ಬರೆದರು. ತಮಾಷೆ ಅಂದರೆ ಅದು ಗಂಡ ಹೆಂಡತಿಗಾಗಿ ಬರೆದದ್ದಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಕೈಗಾರಿಕಾ ಸಂಬಂಧಗಳ ಕೇಂದ್ರ ಅದನ್ನು ಹೊರತಂದದ್ದು ಕೆಲಸದ ಜಾಗದ ಸಂಬಂಧಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕೆಲಸಗಾರ ಬಂದು ಗೊಣಗಿದಾಗ ಮೇಸ್ತ್ರಿ ಮೊದಲು ಏನು ಮಾಡಬೇಕು ಅನ್ನುವ ಥರದ ಉದಾಹರಣೆಗಳು ಅದರಲ್ಲಿವೆ. ಅವರ ವಾದ ಸರಳ. ಮಾತಿನಲ್ಲಿ ವಿಷಯವೂ ಇರುತ್ತದೆ, ಅದರ ಹಿಂದೆ ಒಂದು ಭಾವವೂ ಇರುತ್ತದೆ. ಕೇಳುವವನು ಎರಡನ್ನೂ ಹಿಡಿಯಬೇಕು. ಹಿಡಿದಿದ್ದೇನೆ ಅಂತ ಹೇಳುವವರಿಗೆ ಕಾಣಿಸಬೇಕು.

ನನ್ನ ಹೆಂಡತಿ ಹೇಳಿದ ವಿಷಯ ಒಂದು ತರಗತಿಯ ಬದಲಾವಣೆ. ನಾನು ಅಷ್ಟನ್ನು ಹಿಡಿದುಕೊಂಡು ಓಡಿದೆ. ಅದರ ಹಿಂದೆ ಏನಿತ್ತು ಅಂತ ಗೊತ್ತಾಗಿದ್ದು ಭಾನುವಾರ.

ಒಂದನೇ ಹೆಜ್ಜೆ: ಕೈಗೆ ಕೆಲಸ ಕೊಡಿ

ಎದುರುಬದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು “ಹೇಳು” ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಮಾತೇ ಬರುವುದಿಲ್ಲ. ಇಂಟರ್‌ವ್ಯೂ ಥರ ಅನ್ನಿಸುತ್ತದೆ. ಇಬ್ಬರೂ ಅಕ್ಕಪಕ್ಕ ಕೂತು, ತಲೆ ಓಡಿಸಬೇಕಿಲ್ಲದ ಕೆಲಸ ಯಾವುದಾದರೂ ಮಾಡುತ್ತಿದ್ದರೆ ಮಾತು ತಾನಾಗಿಯೇ ಬರುತ್ತದೆ. ಸೊಪ್ಪು ಸೋಸುವುದು, ಬಟ್ಟೆ ಮಡಚುವುದು, ಅವರೆಕಾಯಿ ಕಾಲವಾದರೆ ಕಾಳು ಬಿಡಿಸುವುದು, ಊಟ ಆದಮೇಲೆ ಒಂದು ಸುತ್ತು ನಡೆದು ಬರುವುದು.

ಆ ಭಾನುವಾರ ಗುಬ್ಬಿ ಕಡೆಯಿಂದ ನಮ್ಮ ಮಾವ ಕಳಿಸಿದ್ದ ಹಲಸಿನ ಹಣ್ಣು ಇತ್ತು. ಹಾಲ್‌ನಲ್ಲಿ ಪೇಪರ್ ಹಾಸಿ ಕೂತೆವು. ಇಬ್ಬರ ಕೈಗೂ ಕೊಬ್ಬರಿ ಎಣ್ಣೆ, ಮೊಣಕೈವರೆಗೆ. ಹಲಸು ಬಿಡಿಸಿದವರಿಗೆ ಗೊತ್ತು, ಎಣ್ಣೆ ಹಚ್ಚಿದರೂ ಅಂಟು ಬೆರಳ ಸಂದಿಗೆ ಹತ್ತಿಕೊಂಡೇ ಇರುತ್ತದೆ. ಆ ಕೈಯಲ್ಲಿ ಫೋನ್ ಮುಟ್ಟಲು ಸಾಧ್ಯವೇ ಇಲ್ಲ. ಮೂರು ಸಲ ನನ್ನ ಫೋನ್ ಬಡಿದುಕೊಂಡಿತು. ಮೂರು ಸಲವೂ ನಾನು ಎದ್ದೇಳಲಿಲ್ಲ. ಒಳ್ಳೆಯತನದಿಂದಲ್ಲ, ಅಂಟಿನಿಂದ.

ಹಲಸು ಸಿಗದ ದಿನ ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬನ್ನಿ. ಮಗುಚಿ ಪಕ್ಕದಲ್ಲಿಟ್ಟುಕೊಂಡರೆ ಸಾಲದು, ಕಣ್ಣು ಅಲ್ಲಿಗೇ ಹೋಗುತ್ತದೆ. ಮಾತು ಶುರುವಾಗುವ ಹೊತ್ತಿಗೆ ನಿಮಗೆ ನಿಜವಾಗಿಯೂ ಕೂರಲು ಆಗದಿದ್ದರೆ ಬಾಯಿಬಿಟ್ಟು ಹೇಳಿ: “ಇದನ್ನ ನಾನು ಸರಿಯಾಗಿ ಕೇಳ್ಬೇಕು. ಅರ್ಧ ಗಂಟೆ ಕೊಡು, ಈ ಕಾಲ್ ಮುಗಿಸಿ ಬರ್ತೀನಿ.” ಅರ್ಧ ಗಂಟೆ ಅಂದರೆ ಅರ್ಧ ಗಂಟೆ. ನೀವೇ ಹೋಗಿ “ಈಗ ಹೇಳು” ಅನ್ನಬೇಕು. ಅವರು ಮತ್ತೆ ನೆನಪಿಸುವಂತಾದರೆ ಕೆಲಸ ಕೆಟ್ಟಿತು.

ಎರಡನೇ ಹೆಜ್ಜೆ: ಏನು ಬೇಕು ಅಂತ ಮೊದಲೇ ಕೇಳಿ

“ನಾನು ಸುಮ್ನೆ ಕೇಳ್ಲಾ, ಇಲ್ಲ ಏನಾದ್ರೂ ದಾರಿ ಹುಡುಕ್ಬೇಕಾ?”

ಇಷ್ಟೇ. ಮೊದಲ ಸಲ ಕೇಳುವಾಗ ನಾಟಕ ಅನ್ನಿಸುತ್ತದೆ. ನನ್ನ ಹೆಂಡತಿ ಮೊದಲ ಸಲ ನಕ್ಕುಬಿಟ್ಟಳು, “ಎಲ್ಲಿ ಕಲಿತ್ರಿ ಇದನ್ನ?” ಅಂದಳು. ನಾಲ್ಕೈದು ಸಲ ಆದಮೇಲೆ ಅವಳೇ “ಸುಮ್ನೆ ಕೇಳಿ ಅಷ್ಟೇ” ಅಂತ ಮೊದಲೇ ಹೇಳಲು ಶುರು ಮಾಡಿದಳು. ಅದು ನನಗೂ ಹಗುರ. ಏನನ್ನೂ ಸರಿಪಡಿಸಬೇಕಿಲ್ಲ ಅಂತ ಗೊತ್ತಾದರೆ ತಲೆ ಎಷ್ಟು ಖಾಲಿಯಾಗುತ್ತದೆ ಅಂತ ಮಾಡಿ ನೋಡಿ.

ಕೆಲವೊಮ್ಮೆ ನಿಜವಾಗಿಯೂ ಸಲಹೆಯೇ ಬೇಕಿರುತ್ತದೆ. “ನಾಳೆ ಹತ್ತಕ್ಕೆ ಮೀಟಿಂಗ್ ಇದೆ, ಏನ್ ಹೇಳ್ಲಿ ಬೇಗ ಹೇಳಿ” ಅನ್ನುವವಳ ಎದುರು “ನಿಂಗೆ ಹೇಗನ್ನಿಸ್ತು?” ಅಂತ ಕೂತರೆ ಬೈಗುಳ ಗ್ಯಾರಂಟಿ. ಅದಕ್ಕೇ ಕೇಳಿಬಿಡುವುದು ಒಳ್ಳೆಯದು.

ಮೂರನೇ ಹೆಜ್ಜೆ: ಮೂರು ಎಣಿಸಿ

ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಇದು.

ಮಾಮೂಲಿ ಹರಟೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಸಮಯ ಎಷ್ಟಿರಬಹುದು? ಬೇರೆ ಬೇರೆ ಖಂಡಗಳ 10 ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದು ಸುಮಾರು 0.2 ಸೆಕೆಂಡ್ ಅಂತ ಕಂಡುಬಂತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಒಂದು ವಾಕ್ಯವನ್ನು ಯೋಚಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ಅಂದರೆ ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಮ್ಮ ಉತ್ತರ ಒಳಗೆ ತಯಾರಾಗುತ್ತಿರುತ್ತದೆ. ಹರಟೆಗೆ ಇದು ಚೆಂದ. ಆದರೆ ನೋವು ಹೇಳಿಕೊಳ್ಳುವಾಗ ಜನ ಮುಖ್ಯವಾದದ್ದನ್ನು ಮೊದಲೇ ಹೇಳುವುದಿಲ್ಲ. ಒಂದು ಮಾತು ಹೇಳಿ ನಿಲ್ಲುತ್ತಾರೆ. ಹೇಳಲೋ ಬೇಡವೋ ಅಂತ ನೋಡುತ್ತಾರೆ. ಆ ನಿಲುಗಡೆಯನ್ನು ನಾವು ‘ಮುಗೀತು’ ಅಂದುಕೊಂಡು ನುಗ್ಗಿಬಿಡುತ್ತೇವೆ.

ಅವರು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ಒಂದು ಪೂರ್ತಿ ಉಸಿರು ಒಳಗೆ ಎಳೆದು ಬಿಡುವಷ್ಟು ಸಮಯ. ಮಧ್ಯೆ ಬೇಕಾದರೆ “ಹೂಂ”, “ಆಮೇಲೆ?” ಅಷ್ಟೇ. ಇದನ್ನು ಮೊದಲು ಸುಲಭದ ಮಾತಿನಲ್ಲಿ ಅಭ್ಯಾಸ ಮಾಡಿ. ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಮಾಡಿ ನೋಡಿ, ಎಷ್ಟು ಹೊಸ ಸುದ್ದಿ ಹೊರಬರುತ್ತದೆ ಅಂತ ನಿಮಗೇ ಆಶ್ಚರ್ಯವಾಗಬಹುದು.

ಹಲಸಿನ ದಿನ ಹೀಗಾಯಿತು. ಅವಳು ತೊಳೆ ಬಿಡಿಸುತ್ತಾ ಅಂದಳು, “ಟೈಮ್‌ಟೇಬಲ್ ಗ್ರೂಪ್‌ನಲ್ಲಿ ಹಾಕಿದ್ರು.” ನಿಂತಳು. ನನ್ನ ಬಾಯಿಯಲ್ಲಿ “ಯಾವ ಗ್ರೂಪ್?” ಅನ್ನುವುದು ಬಂದೇ ಬಿಟ್ಟಿತ್ತು. ನುಂಗಿಕೊಂಡೆ. ಒಂದು, ಎರಡು, ಮೂರು.

“ನಲವತ್ತು ಜನ ಇರೋ ಗ್ರೂಪು ರೀ. ನಂಗೆ ಮೊದಲೇ ಒಂದು ಮಾತು ಹೇಳ್ಲಿಲ್ಲ. ಎಲ್ರ ಜೊತೆ ನಾನೂ ಅಲ್ಲೇ ನೋಡಿದ್ದು.”

ಹತ್ತನೇ ಕ್ಲಾಸ್ ಹೋಗಿದ್ದಕ್ಕಿಂತ ಹೋದ ರೀತಿ ಅವಳನ್ನು ಚುಚ್ಚಿತ್ತು. ನನ್ನ “ಸ್ಪೆಷಲ್ ಕ್ಲಾಸ್ ತಲೆನೋವು ತಪ್ತು” ಎಷ್ಟು ದೂರದಲ್ಲಿ ಬಿದ್ದಿತ್ತು ನೋಡಿ.

ನಾಲ್ಕನೇ ಹೆಜ್ಜೆ: ಕೇಳಿದ್ದನ್ನು ನಿಮ್ಮ ಮಾತಲ್ಲಿ ವಾಪಸ್ ಹೇಳಿ

ಅಜ್ಜಿಯ “ರಾಜ ಎಲ್ಲಿಗೆ ಹೋದ?” ಪ್ರಶ್ನೆಗೆ ಉತ್ತರ ಇಲ್ಲಿದೆ. “ನಂಗರ್ಥ ಆಯ್ತು” ಅಂದರೆ ಅರ್ಥ ಆಗಿದೆ ಅಂತ ಆಗುವುದಿಲ್ಲ. ಏನು ಅರ್ಥ ಆಯಿತು ಅಂತ ಹೇಳಿ ತೋರಿಸಬೇಕು. ಒಂದು ವಾಕ್ಯ, ಹೆಚ್ಚೆಂದರೆ ಎರಡು.

ಇದರಲ್ಲಿ ಜನ ಮಾಡುವ ತಪ್ಪು ಗಿಳಿಪಾಠ. ಅವಳು “ಗ್ರೂಪ್‌ನಲ್ಲಿ ಹಾಕಿದ್ರು” ಅಂದರೆ “ಓ, ಗ್ರೂಪ್‌ನಲ್ಲಿ ಹಾಕಿದ್ರಾ” ಅನ್ನುವುದು. ಅವಳು “ನಂಗೆ ಹೇಳ್ಲಿಲ್ಲ” ಅಂದರೆ “ನಿಂಗೆ ಹೇಳ್ಲಿಲ್ವಾ” ಅನ್ನುವುದು. ಎರಡನೇ ಸಲಕ್ಕೇ ಸಿಟ್ಟು ಬರುತ್ತದೆ, ಅಣಕಿಸಿದ ಹಾಗೆ ಕೇಳಿಸುತ್ತದೆ. ಅವರು ಹೇಳಿದ ಎರಡು ಮೂರು ಮಾತುಗಳನ್ನು ಸೇರಿಸಿ, ಅದರಿಂದ ನಿಮಗೆ ಕಂಡದ್ದನ್ನು ಹೇಳಬೇಕು. ನಾನು ಹೀಗೆ ಅಂದೆ:

“ಅಂದ್ರೆ, ತೆಗೆದಿದ್ದಕ್ಕಿಂತ, ಕರೆದು ಒಂದು ಮಾತು ಹೇಳ್ಲಿಲ್ವಲ್ಲ ಅಂತ ಜಾಸ್ತಿ ನೋವಾಗಿದೆ ಅಲ್ವಾ?”

ಕೊನೆಯ ಆ “ಅಲ್ವಾ?” ಬಹಳ ಕೆಲಸ ಮಾಡುತ್ತದೆ. ಅದರಿಂದ ನಿಮ್ಮ ಮಾತು ತೀರ್ಪಾಗದೆ ಊಹೆಯಾಗಿ ಉಳಿಯುತ್ತದೆ. ತಪ್ಪಿದ್ದರೆ ತಿದ್ದಲು ಅವರಿಗೆ ಜಾಗ ಇರುತ್ತದೆ. “ಅಂದ್ರೆ...”, “ಒಂಥರಾ ... ಅನ್ನಿಸ್ತಾ?”, “ನಾನು ಸರಿಯಾಗಿ ಕೇಳಿಸ್ಕೊಂಡ್ನಾ?” ಇಂಥ ಶುರುಗಳು, ಕೊನೆಗಳು ಕನ್ನಡದಲ್ಲಿ ಬೇಕಾದಷ್ಟಿವೆ. ನಿಮ್ಮ ಬಾಯಿಗೆ ಒಗ್ಗುವುದನ್ನು ಆರಿಸಿಕೊಳ್ಳಿ. ಬೇರೆಯವರ ವಾಕ್ಯ ಬಾಯಿಪಾಠ ಮಾಡಿ ಹೇಳಿದರೆ ಸಂಗಾತಿಗೆ ತಕ್ಷಣ ಗೊತ್ತಾಗುತ್ತದೆ.

ಊಹೆ ತಪ್ಪಿದರೆ ಹೆದರಬೇಡಿ. ನನ್ನದೂ ಅರ್ಧ ತಪ್ಪಿತ್ತು. “ನೋವು ಅಂತಲ್ಲ...” ಅಂದಳು. ತಪ್ಪು ಊಹೆಯೂ ಉಪಯೋಗಕ್ಕೆ ಬರುವುದು ಹೀಗೆ. ಅದನ್ನು ಸರಿಮಾಡುವ ಭರದಲ್ಲಿ ಅವರಿಗೇ ಸರಿಯಾದ ಮಾತು ಸಿಗುತ್ತದೆ. “ಇಲ್ಲ ಇಲ್ಲ, ನೀನು ಹೇಳಿದ್ದು ಹಾಗೇ” ಅಂತ ವಾದಕ್ಕೆ ಇಳಿಯದಿದ್ದರೆ ಆಯ್ತು.

ಐದನೇ ಹೆಜ್ಜೆ: ‘ಬೇಜಾರು’ ಅಂದರೆ ಯಾವ ಬೇಜಾರು?

ನಮ್ಮ ಭಾಷೆಯಲ್ಲಿ ‘ಬೇಜಾರು’ ಅನ್ನುವುದು ಸಂತೆ ಚೀಲ ಇದ್ದ ಹಾಗೆ, ಎಲ್ಲವೂ ಅದರೊಳಗೆ. ಸಿನಿಮಾ ಉದ್ದವಾದರೆ ಬೇಜಾರು, ಸ್ನೇಹಿತ ತೀರಿಕೊಂಡರೂ ಬೇಜಾರು. ಕೆಲಸ ಇಲ್ಲದಿದ್ದರೆ ಬೇಜಾರು, ಅತ್ತೆ ಏನೋ ಅಂದರೂ ಬೇಜಾರು. ಹಾಗಾಗಿ “ತುಂಬ ಬೇಜಾರಾಯ್ತು” ಅಂತ ಸಂಗಾತಿ ಅಂದಾಗ ನಿಮಗೆ ಇನ್ನೂ ಏನೂ ಗೊತ್ತಾಗಿಲ್ಲ ಅಂತಲೇ ಲೆಕ್ಕ.

ಚೀಲದೊಳಗೆ ಏನಿದೆ ಅಂತ ನಿಧಾನವಾಗಿ ನೋಡಬೇಕು. ಸಿಟ್ಟಾ? ಅವಮಾನವಾ? ಮುಜುಗರವಾ? ಹೆದರಿಕೆಯಾ? ಹೊಟ್ಟೆಕಿಚ್ಚಾ? ಇಲ್ಲ ಬರೀ ಸುಸ್ತಾ? ಇವೆಲ್ಲ ಬೇರೆ ಬೇರೆ, ಇವುಗಳಿಗೆ ಬೇಕಾದ ಮುಂದಿನ ಮಾತೂ ಬೇರೆ ಬೇರೆ. ಪಟ್ಟಿ ಓದಿ ಹೇಳಿ ಅಂತಲ್ಲ, ಒಂದನ್ನು ಆರಿಸಿ ಮೆತ್ತಗೆ ಕೇಳಿ. “ಯಾಕೆ?” ಅಂತ ಮಾತ್ರ ಕೇಳಬೇಡಿ. “ಯಾಕೆ ಅಷ್ಟೊಂದು ಬೇಜಾರು?” ಅನ್ನುವುದು ಕನ್ನಡದಲ್ಲಿ ಪ್ರಶ್ನೆಯಾಗಿ ಕೇಳಿಸುವುದಿಲ್ಲ, “ಅಷ್ಟಕ್ಕೆಲ್ಲ ಬೇಜಾರಾ?” ಅಂತಲೇ ಕೇಳಿಸುತ್ತದೆ. ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ. “ಯಾವುದು ಜಾಸ್ತಿ ಚುಚ್ತು?”, “ಆಗ ಏನನ್ನಿಸ್ತು?” ಅಂದರೆ ಆ ತೊಂದರೆ ಇಲ್ಲ.

“ನೋವು ಅಂತಲ್ಲ...” ಅಂದವಳು ಒಂದು ತೊಳೆಯ ಬೀಜ ತೆಗೆದಳು, ಅದರ ಸಿಪ್ಪೆ ಸುಲಿದಳು, ಇನ್ನೊಂದು ತೊಳೆ ತೆಗೆದುಕೊಂಡಳು. ನಾನು ಮೂರು ಅಲ್ಲ, ಹತ್ತು ಎಣಿಸಿರಬೇಕು. ಆಮೇಲೆ “ಅವಮಾನ ಥರನಾ?” ಅಂದೆ.

“ಹೂಂ. ಅದೇ!” ಅಂದಳು. ಕೈಯಲ್ಲಿದ್ದ ತೊಳೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು. “ಆರು ವರ್ಷ ರೀ. ಆರು ವರ್ಷ ಒಬ್ಬ ಹುಡುಗನೂ ಫೇಲ್ ಆಗಿಲ್ಲ. ಸ್ಟಾಫ್‌ರೂಮ್‌ಗೆ ಹೋದ್ರೆ ಎಲ್ರೂ ನನ್ನ ಮುಖ ನೋಡ್ತಾರೆ, ಏನೋ ತಪ್ಪು ಮಾಡಿದ್ದಾಳೆ ಅನ್ನೋ ಥರ. ನಾನೇ ಏನಾದ್ರೂ ತಪ್ಪು ಮಾಡಿದ್ನಾ ಅಂತ ನಂಗೇ ಅನ್ನಿಸ್ಬಿಟ್ಟಿದೆ.”

ಇಲ್ಲಿ ನನ್ನ ಬಾಯಿ ಮತ್ತೆ ತುರಿಸಿತು. “ಛೇ, ನೀನೇನು ತಪ್ಪು ಮಾಡಿಲ್ಲ ಬಿಡು” ಅನ್ನಬೇಕು ಅನ್ನಿಸಿತು. ಪ್ರೀತಿಯ ಮಾತೇ. ಆದರೆ ಅದನ್ನು ತಕ್ಷಣ ಹೇಳಿದರೆ ಬಾಗಿಲು ಹಾಕಿದ ಹಾಗೆ. ಅವಳು ಈಗಷ್ಟೇ ತೆರೆದ ಬಾಗಿಲು ಅದು. ಬದಲಿಗೆ, “ಆರು ವರ್ಷ ಮಾಡಿದ ಮೇಲೆ, ನಿನ್ನ ಮೇಲೆ ನಿಂಗೇ ಅನುಮಾನ ಬರೋ ಹಾಗಾಯ್ತು” ಅಂದೆ. ಕಣ್ಣು ತುಂಬಿಕೊಂಡಿತು. ಎರಡೂ ಕೈಗೆ ಅಂಟು, ಒರೆಸಿಕೊಳ್ಳಲಾಗದೆ ಭುಜಕ್ಕೆ ಒತ್ತಿಕೊಂಡಳು.

ಆಲಿಸಿದ್ದು ತಲುಪಿತಾ ಅಂತ ತಿಳಿಯುವುದು ಹೇಗೆ

ನನ್ನ ಪ್ರಕಾರ ಇಡೀ ಕ್ರಮದಲ್ಲಿ ಮುಖ್ಯವಾದದ್ದು ಇದೇ, ಯಾಕೆಂದರೆ ಸಲಹೆಗೆ ಹೊತ್ತು ಬಂತಾ ಇಲ್ಲವಾ ಅಂತ ಇಲ್ಲಿಂದಲೇ ಗೊತ್ತಾಗಬೇಕು. ‘ನಾನು ಇಪ್ಪತ್ತು ನಿಮಿಷ ಕೇಳಿದೆ’ ಅನ್ನುವುದು ಲೆಕ್ಕಕ್ಕಿಲ್ಲ. ಲೆಕ್ಕ ಅವರ ಕಡೆಯದು.

ಒಂದು, “ಹೂಂ, ಅದೇ!” ಅಥವಾ “ಹಾಂ, ಅದನ್ನೇ ನಾನು ಹೇಳ್ತಿರೋದು” ಅನ್ನುವ ಮಾತು ಬರುತ್ತದೆ. ಬರೀ “ಹೂಂ” ಬೇರೆ, “ಹೂಂ, ಅದೇ” ಬೇರೆ. ಅದನ್ನು ಹೇಳುವಾಗ ದನಿಯಲ್ಲಿ ಒಂದು ಬಿಡುಗಡೆ ಇರುತ್ತದೆ, ನಿಮಗೇ ಕೇಳಿಸುತ್ತದೆ. ಇನ್ನೊಂದು, ಮಾತಿನ ವೇಗ ಇಳಿಯುತ್ತದೆ, ಹೆಗಲು ಇಳಿಯುತ್ತದೆ. ಆಮೇಲೆ ಮಾತು ನಿನ್ನೆಯಿಂದ ನಾಳೆಗೆ ತಿರುಗುತ್ತದೆ: “ಸೋಮವಾರ ಹೋಗಿ ಏನ್ ಮಾಡ್ಲಿ ಅಂತ...”

ತಲುಪಿಲ್ಲದಿದ್ದರೆ ಅದಕ್ಕೂ ಗುರುತು ಇದೆ. ಅದೇ ವಾಕ್ಯ ಎರಡನೇ ಸಲ, ಮೂರನೇ ಸಲ ಬರುತ್ತದೆ, ಪ್ರತಿ ಸಲ ದನಿ ಸ್ವಲ್ಪ ಏರಿರುತ್ತದೆ. “ಹೇಳಿದ್ದನ್ನೇ ಎಷ್ಟು ಸಲ ಹೇಳ್ತೀಯ” ಅಂತ ನಮಗೆ ಕಿರಿಕಿರಿಯಾಗುತ್ತದೆ. ಆದರೆ ಬಾಗಿಲು ತೆರೆಯುವವರೆಗೆ ತಟ್ಟುವುದು ಸಹಜ ತಾನೇ? ಅದೇ ಮಾತು ಮರಳಿ ಬಂದರೆ ನಾಲ್ಕನೇ ಹೆಜ್ಜೆಗೆ ವಾಪಸ್ ಹೋಗಿ. ನೀವು ಏನನ್ನೋ ಬಿಟ್ಟಿದ್ದೀರಿ. ಇನ್ನೊಂದು ಕೆಟ್ಟ ಗುರುತು “ಹೋಗ್ಲಿ ಬಿಡಿ”. ಮಾತು ಮುಗಿದಾಗ ಬರುವ “ಹೋಗ್ಲಿ ಬಿಡಿ” ಬೇರೆ, ನಿಮ್ಮಿಂದ ಆಗುವುದಿಲ್ಲ ಅಂತ ಕೈಬಿಟ್ಟಾಗ ಬರುವುದು ಬೇರೆ. ಎರಡನೆಯದರ ಜೊತೆ ಸಾಮಾನ್ಯವಾಗಿ ಅವರು ಎದ್ದು ಹೋಗುತ್ತಾರೆ.

ನಾವು “ಹೋಗ್ಲಿ ಬಿಡು” ಅನ್ನುವುದಂತೂ ಬೇಡವೇ ಬೇಡ. “ಅಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ”, “ನಮ್ಮ ಆಫೀಸಲ್ಲಿ ಇದಕ್ಕಿಂತ ಘೋರ” ಇವೂ ಅದೇ ಜಾತಿ. ಕೊನೆಯದನ್ನು ನಾನು ಬಹಳ ವರ್ಷ ಸಹಾನುಭೂತಿ ಅಂತ ನಂಬಿದ್ದೆ.

ಆರನೇ ಹೆಜ್ಜೆ: ಈಗ ಸಲಹೆ, ಕೇಳಿಕೊಂಡು

“ಅಷ್ಟೇನಾ, ಇನ್ನೇನಾದ್ರೂ ಇದ್ಯಾ?” ಅಂತ ಒಂದು ಸಲ ಕೇಳಿ. ಎಷ್ಟೋ ಸಲ ಇನ್ನೊಂದು ವಿಷಯ ಆಗಲೇ ಹೊರಬರುತ್ತದೆ. “ಇಲ್ಲ, ಅಷ್ಟೇ” ಅಂದಮೇಲೆ ಅವರ ಯೋಚನೆ ಮೊದಲು ಕೇಳಿ: “ನೀನೇನು ಅಂದ್ಕೊಂಡಿದ್ದೀಯ?” ಆಮೇಲೂ ನಿಮಗೆ ಹೇಳುವುದು ಏನಾದರೂ ಉಳಿದಿದ್ದರೆ, “ನಂಗೊಂದು ಅನ್ನಿಸ್ತಿದೆ, ಹೇಳ್ಲಾ?” “ಬೇಡ” ಅಂದರೆ ಬೇಡ. ಮುಖ ಸಪ್ಪೆ ಮಾಡಿಕೊಳ್ಳುವ ಹಾಗಿಲ್ಲ.

ನಾನು ಕೇಳಿದೆ. ಅವಳು ಹೇಳಿದ್ದು ಇದು: “ಹತ್ತನೇ ಕ್ಲಾಸ್ ವಾಪಸ್ ಕೊಡಿ ಅಂತ ಕೇಳಲ್ಲ. ಯಾಕೆ ಬದಲಾಯಿಸಿದ್ರಿ, ನನ್ನ ಕೆಲಸದಲ್ಲಿ ಏನಾದ್ರೂ ಕೊರತೆ ಇತ್ತಾ ಅಂತ ಮಾತ್ರ ಕೇಳ್ತೀನಿ. ಒಬ್ಬಳೇ ಹೋಗಿ, ಸಂಜೆ ಹೊತ್ತು, ಎಲ್ರೂ ಹೋದ್ಮೇಲೆ.” ನನ್ನ ಸಲಹೆ ಏನಿತ್ತು? ಬೆಳಗ್ಗೇನೇ ಹೋಗಿ ನೇರವಾಗಿ ಕೇಳು. ಅವಳು ಆ ಶಾಲೆಯಲ್ಲಿ ಆರು ವರ್ಷ ಇದ್ದಾಳೆ, ಬೆಳಗ್ಗೆ ಪ್ರಾರ್ಥನೆಯ ಗಡಿಬಿಡಿಯಲ್ಲಿ ಹೋದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ನನಗೆ ಹೇಳಲು ಉಳಿದಿದ್ದು ಒಂದೇ. “ಏನು ಕೇಳ್ಬೇಕು ಅಂತ ಎರಡು ಸಾಲು ಬರೆದು ಇಟ್ಕೊಳ್ತೀಯಾ? ಅಲ್ಲಿ ಗಂಟಲು ಕಟ್ಟಿದ್ರೆ ಸಹಾಯ ಆಗುತ್ತೆ.” ಅದಕ್ಕೆ ಒಪ್ಪಿದಳು. ಒಂದೇ ಸಲಹೆ ಕೊಡಿ. ಮೂರು ಕೊಟ್ಟರೆ ಅದು ಮತ್ತೆ ನಿಮ್ಮ ಮೀಟಿಂಗ್ ಆಗುತ್ತದೆ.

ಮಂಗಳವಾರ ಹೋಗಿ ಮಾತಾಡಿದಳು. ಹತ್ತನೇ ಕ್ಲಾಸ್ ವಾಪಸ್ ಬರಲಿಲ್ಲ. ಕೆಲಸದಲ್ಲಿ ಕೊರತೆ ಇರಲಿಲ್ಲ, ಎಂಟನೇ ತರಗತಿಯವರು ಗಣಿತದಲ್ಲಿ ಹಿಂದುಳಿದಿದ್ದಕ್ಕೆ ಇವಳನ್ನು ಅಲ್ಲಿ ಹಾಕಿದ್ದು ಅಂತ ಉತ್ತರ ಬಂತಂತೆ. ಅದನ್ನು ಮೊದಲೇ ಹೇಳಬಹುದಿತ್ತಲ್ಲ ಅಂತ ಅವಳಿಗೆ ಈಗಲೂ ಇದೆ.

ಎಲ್ಲಿ ಇದು ನಡೆಯುವುದಿಲ್ಲ

ದೂರು ನಿಮ್ಮ ಮೇಲೆಯೇ ಇದ್ದಾಗ ಈ ಹೆಜ್ಜೆಗಳು ಸುಲಭಕ್ಕೆ ಬರುವುದಿಲ್ಲ. ಗಂಡ ಹೆಂಡತಿ ಸಂಬಂಧಗಳನ್ನು ಅಧ್ಯಯನ ಮಾಡುವ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಹೊಸದಾಗಿ ಮದುವೆಯಾದ 130 ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ 1998ರಲ್ಲಿ ಬರೆದರು: ಜಗಳದ ನಡುವೆ ಹೀಗೆ ವಾಪಸ್ ಹೇಳುವುದನ್ನು ಚೆನ್ನಾಗಿರುವ ಜೋಡಿಗಳೂ ಮಾಡುವುದು ಅಪರೂಪ, ಮದುವೆ ಉಳಿಯುತ್ತದಾ ಅನ್ನುವುದು ಅದರಿಂದ ಗೊತ್ತಾಗುವುದೂ ಇಲ್ಲ. ನನಗಿದು ನಂಬುವ ಮಾತು ಅನ್ನಿಸುತ್ತದೆ. “ನೀವು ನಮ್ಮಮ್ಮನ ಎದುರಿಗೆ ಹಾಗಂದಿದ್ದು ಸರಿನಾ?” ಅಂತ ಹೆಂಡತಿ ಕೇಳುವಾಗ “ಅಂದ್ರೆ ನಿಂಗೆ ಅವಮಾನ ಆಯ್ತು ಅಲ್ವಾ?” ಅಂತ ತಣ್ಣಗೆ ಕೂತರೆ ಉರಿಯುವ ಬೆಂಕಿಗೆ ತುಪ್ಪ. ಅಲ್ಲಿ ಬೇಕಿರುವುದು “ಹೌದು, ತಪ್ಪಾಯ್ತು” ಅನ್ನುವ ಮಾತು, ಇಲ್ಲವೇ ಸ್ವಲ್ಪ ಬಿಡುವು. ಎದೆ ಡವಗುಟ್ಟುತ್ತಿದ್ದರೆ, ನಾಡಿ ನಿಮಿಷಕ್ಕೆ 100 ದಾಟಿದ್ದರೆ, ಕಿವಿಗೆ ಬಿದ್ದದ್ದು ತಲೆಗೆ ಹೋಗುವುದೇ ಕಷ್ಟ ಅಂತ ಅದೇ ಗಾಟ್‌ಮನ್ ಹೇಳುತ್ತಾರೆ. ಕನಿಷ್ಠ 20 ನಿಮಿಷ ಬಿಟ್ಟು ಮಾತಾಡಿ ಅನ್ನುವುದು ಅವರ ಸಲಹೆ.

ಅಪಾಯ ಇದ್ದಾಗಲೂ ಇದು ಬೇಡ. ಎದೆ ನೋವು ಅಂದರೆ ಆಸ್ಪತ್ರೆ. ಯಾರೋ ಹಿಂಬಾಲಿಸುತ್ತಿದ್ದಾರೆ ಅಂದರೆ ಮೊದಲು ಸಂಗಾತಿ ಇದ್ದಲ್ಲಿಗೆ ಹೋಗಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ‘ಚೆನ್ನಾಗಿ ಆಲಿಸು’ ಅಂತ ಹೊಡೆತ ತಿನ್ನುವವರಿಗೆ ಹೇಳುವುದು ಅನ್ಯಾಯ. ಅಲ್ಲಿ ಹೊರಗಿನ ಸಹಾಯ ಬೇಕು.

ಫೋನಿನಲ್ಲಿ ಮಾತಾಡುವ ಜೋಡಿಗಳಿಗೆ ಒಂದು ಸಣ್ಣ ತಿದ್ದುಪಡಿ ಇದೆ. ಕರಾವಳಿಯ ನನ್ನ ಗೆಳೆಯನೊಬ್ಬ ದುಬೈನಲ್ಲಿದ್ದಾನೆ, ಹೆಂಡತಿ ಊರಲ್ಲಿ. ಮೂರು ಎಣಿಸಿ ಅಂತ ನಾನು ಹೇಳಿದ್ದನ್ನು ಅವನು ಅಕ್ಷರಶಃ ಪಾಲಿಸಿದ. ಆ ಕಡೆಯಿಂದ “ಹಲೋ? ಹಲೋ? ಕೇಳಿಸ್ತಾ ಇದ್ಯಾ?” ಅಂತ ಬಂತು. ಫೋನಿನಲ್ಲಿ ಮೌನ ಅಂದರೆ ನೆಟ್‌ವರ್ಕ್ ಹೋಯಿತು ಅಂತಲೇ ಅರ್ಥ. ಅಲ್ಲಿ ಅಜ್ಜಿಯ ಷರತ್ತೇ ಸರಿ, ಹೂಂಗುಟ್ಟುತ್ತಲೇ ಇರಬೇಕು.

ಇನ್ನು, ಇದೆಲ್ಲ ಗಂಡಸರ ರೋಗ ಅಂತ ಯಾರೂ ಅಂದುಕೊಳ್ಳಬೇಡಿ. ನಾನು ಆಫೀಸಿನ ಕಷ್ಟ ಹೇಳಿದರೆ ನನ್ನ ಹೆಂಡತಿ “ನೀವು ಸರಿಯಾಗಿ ನಿದ್ದೆ ಮಾಡಲ್ಲ, ಅದಕ್ಕೇ” ಅಂತ ಶುರು ಮಾಡುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಸಂಕೇತ ಮಾಡಿಕೊಂಡಿದ್ದೇವೆ. ಯಾರು ಹೊತ್ತಿಗೆ ಮುಂಚೆ ಸಲಹೆಗೆ ಇಳಿದರೂ ಇನ್ನೊಬ್ಬರು “ಟಿಕೆಟ್!” ಅನ್ನುವುದು. ಅಂದ ತಕ್ಷಣ ಬಾಯಿ ಮುಚ್ಚಬೇಕು, ವಾದ ಇಲ್ಲ. ಕಳೆದ ವಾರ ನಾನು ಎರಡು ಸಲ ಸಿಕ್ಕಿಬಿದ್ದೆ, ಅವಳು ಒಂದು ಸಲ.